"ಓಕೆ ಸಾರ್" ಅಂದಿದ್ದನ್ನು ಬರಹಕ್ಕೆ ಇಳಿಸೋದು ಹೇಗೆ: ತಾರಸಿ ವಾಟರ್‌ಪ್ರೂಫಿಂಗ್ ವಿಚಾರ

"ತಾರಸಿ 30x28. ವಾಟರ್‌ಪ್ರೂಫಿಂಗ್ ಮಾಡಿಸಿ ಆಮೇಲೆ ಗ್ರೋಬ್ಯಾಗ್ ಇಡಬೇಕು. ಮೇಸ್ತ್ರಿ ಜೊತೆ ಎಲ್ಲ ಫೋನಲ್ಲೇ ಮಾತಾಗಿದೆ. ಚಾಟಲ್ಲಿ '45 ಓಕೆ ಸಾರ್', 'ಮೂಲೆ ಎಲ್ಲ ಮಾಡ್ಕೊಡ್ತೀನಿ', '5 ವರ್ಷ ಟೆನ್ಷನ್ ಬೇಡ' ಅಂತ ಇದೆ. ಇಷ್ಟು ಸಾಕಾ? ಅವರಿಗೆ ಬೇಜಾರಾಗದ ಹಾಗೆ ಸರಿಯಾಗಿ ಬರೆದು ಇಟ್ಟುಕೊಳ್ಳೋದು ಹೇಗೆ?"

ಸಾಲದು ಸರ್. ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಹೋದ ವರ್ಷ ಇದೇ ಕೆಲಸ ಮಾಡಿಸಿದೆವು. ಕೆಲಸ ಚೆನ್ನಾಗೇ ಆಯಿತು, ಜಗಳ ಆಗಿದ್ದು ಅಳತೆಗೆ. ನಾವು ನೆಲ ಮಾತ್ರ ಅಳೆದಿದ್ದೆವು. ಮೇಸ್ತ್ರಿ ಪ್ಯಾರಾಪೆಟ್ ಗೋಡೆಗೆ ಒಂದು ಅಡಿ ಎತ್ತರಕ್ಕೆ ಹತ್ತಿಸಿದ ಕೋಟನ್ನೂ ಸೇರಿಸಿ ಬಿಲ್ ಮಾಡಿದರು. ಆ ಕೋಟ್ ಹಾಕಲೇಬೇಕು. ನೆಲ, ಗೋಡೆ ಸೇರುವ ಜಾಗದಲ್ಲೇ ನೀರು ಇಳಿಯೋದು ಜಾಸ್ತಿ. ಆದರೆ ಅದಕ್ಕೆ ಬೇರೆ ದುಡ್ಡು ಅಂತ ಮಾತಾಗಿರಲಿಲ್ಲ. ಚಾಟ್ ತೆಗೆದರೆ "ಮೂಲೆ ಎಲ್ಲ ಸೇರಿ ಅಲ್ವಾ ಅಣ್ಣ" ಅಂತ ನನ್ನದು, "ಹೂಂ ಮೇಡಂ" ಅಂತ ಅವರದು. ಸೇರಿದ್ದು ಕೆಲಸಕ್ಕೋ, ದರಕ್ಕೋ? ಇಬ್ಬರೂ ಅದೇ ಮೆಸೇಜ್ ತೋರಿಸಿಕೊಂಡು ವಾದ ಮಾಡಿದೆವು.

ನಿಮ್ಮ ತಾರಸಿಗೆ ಲೆಕ್ಕ ಹಾಕಿ ನೋಡಿ. ನೆಲ 840 ಚದರ ಅಡಿ. 45ರಂತೆ 37,800 ರೂಪಾಯಿ. ಸುತ್ತಲಿನ ಗೋಡೆ 116 ರನ್ನಿಂಗ್ ಅಡಿ. ಒಂದು ಅಡಿ ಎತ್ತರಕ್ಕೆ ಹಾಕಿದರೆ ಇನ್ನು 116 ಚದರ ಅಡಿ. ಒಟ್ಟು 956, ಅಂದರೆ 43,020 ರೂಪಾಯಿ. "ಎಲ್ಲ" ಅನ್ನೋ ಒಂದು ಮಾತಿನೊಳಗೆ 5,220 ರೂಪಾಯಿ ಇದೆ.

ಹಳೇ ಚಾಟನ್ನು ಹಾಗೇ ಬಿಡಿ, ಏನೂ ಅಳಿಸಬೇಡಿ. ಅದರ ಕೆಳಗೆ ಒಂದೇ ಒಂದು ಉದ್ದ ಮೆಸೇಜ್ ಹಾಕಿ. ಆ ಫೋನ್ ಮಾತು ಕೇಳದೇ ಇರುವವರು ಓದಿದರೂ ಪೂರ್ತಿ ತಿಳಿಯಬೇಕು. ಮನೆಯಲ್ಲಿ ಯಾರಿಗಾದರೂ ಓದಲು ಕೊಡಿ. "45 ಅಂದ್ರೆ ಯಾವುದಕ್ಕೆ?" ಅಂತ ಅವರು ಕೇಳಿದರೆ ಅಲ್ಲಿ ತಿದ್ದಿ. ನಿಮ್ಮದಕ್ಕೆ ನಾನು ಹೀಗೆ ಬರೆಯುತ್ತಿದ್ದೆ, ದಿನ, ಕಂತು ಎಲ್ಲ ಉದಾಹರಣೆಗೆ ಅಷ್ಟೇ, ನಿಮ್ಮ ಮಾತಿನಂತೆ ಬದಲಿಸಿಕೊಳ್ಳಿ:

"ನಮಸ್ಕಾರ ಅಣ್ಣ. ಮಾರ್ಚ್ 14ರ ಸಂಜೆ ಫೋನಲ್ಲಿ ಮಾತಾಡಿದ್ದನ್ನು ಇಬ್ಬರಿಗೂ ನೆನಪಿರಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಮನೆ ತಾರಸಿ ನೆಲ 840 ಚದರ ಅಡಿ, ಪ್ಯಾರಾಪೆಟ್ ಒಳಗಡೆ ಒಂದು ಅಡಿ ಎತ್ತರಕ್ಕೆ 116 ಚದರ ಅಡಿ, ಒಟ್ಟು 956. ದರ ಚದರ ಅಡಿಗೆ 45 ರೂಪಾಯಿ. ಕ್ಲೀನಿಂಗ್, ಬಿರುಕು ತುಂಬೋದು, ಮೂಲೆಗೆ ಮೆಶ್, ಪ್ರೈಮರ್, ಎರಡು ಕೋಟ್, ಮೆಟೀರಿಯಲ್, ಲೇಬರ್ ಎಲ್ಲ ಈ ದರದಲ್ಲೇ. ಒಟ್ಟು 43,020. ಇದರ ಮೇಲೆ ಬೇರೆ ಏನೂ ಇಲ್ಲ. ಅಡ್ವಾನ್ಸ್ 15,000, ಎರಡನೇ ಕೋಟ್ ಮುಗಿದ ದಿನ 18,000, ನೀರು ನಿಲ್ಲಿಸಿ ನೋಡಿದ ಮೇಲೆ 10,020. ಮಾರ್ಚ್ 20ಕ್ಕೆ ಶುರು, 27ರೊಳಗೆ ಎರಡೂ ಕೋಟ್ ಮುಗಿಯಬೇಕು. ಕೋಟ್ ಹಾಕಿದ ಜಾಗದಲ್ಲಿ 5 ವರ್ಷದೊಳಗೆ ಸೋರಿದರೆ, ಹೇಳಿದ 10 ದಿನದಲ್ಲಿ ನಿಮ್ಮ ಮೆಟೀರಿಯಲ್, ನಿಮ್ಮ ಲೇಬರಲ್ಲೇ ಸರಿ ಮಾಡಿಕೊಡೋದು. ಇದರಲ್ಲಿ ಏನಾದ್ರೂ ತಪ್ಪಿದ್ರೆ ಹೇಳಿ ಅಣ್ಣ. ಸರಿ ಇದ್ರೆ '956 ಅಡಿ, 43,020, ಒಪ್ಪಿದೆ' ಅಂತ ಬರೆದು ಕಳಿಸಿ."

ಬರೀ "ಓಕೆ" ಕೇಳದೆ ಅಂಕಿ ಬರೆಸೋದಕ್ಕೆ ಕಾರಣ ಇದೆ. ಓಕೆ ಯಾವ ಮೆಸೇಜಿಗೆ ಅಂತ ಆಮೇಲೆ ಗೊತ್ತಾಗಲ್ಲ. ಅಂಕಿ ಬರೆಯಬೇಕಾದರೆ ಅವರು ಒಂದು ಸಲ ಓದಲೇಬೇಕು. ನಮ್ಮ ಮೇಸ್ತ್ರಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ, ತಮಿಳು ಓದುತ್ತಾರೆ. ಈಗ ಅವರಿಗೆ ಏನೇ ಬರೆದರೂ ಅದನ್ನೇ ಓದಿ ವಾಯ್ಸ್ ಮೆಸೇಜ್ ಕೂಡ ಹಾಕುತ್ತೇನೆ. ಅವರೂ ವಾಯ್ಸಲ್ಲೇ ಅಂಕಿ ಹೇಳಿ ಒಪ್ಪುತ್ತಾರೆ. ಬೇಜಾರು ಮಾಡಿಕೊಂಡಿದ್ದೇ ಇಲ್ಲ. ಅವರ ಬಾಕಿ ದುಡ್ಡಿಗೂ ಅದೇ ದಾಖಲೆ ಅಲ್ವಾ.

ಫೋನಲ್ಲಿ ಮಾತಾಡದ್ದನ್ನು ಈ ಮೆಸೇಜಿಗೆ ಸೇರಿಸಬೇಡಿ. ನಿಮ್ಮ ಚಾಟ್ ನೋಡಿದರೆ ನೀರು ನಿಲ್ಲಿಸಿ ನೋಡೋ ಮಾತು ಬಂದ ಹಾಗಿಲ್ಲ. ಬಂದಿಲ್ಲದಿದ್ದರೆ ಮೊದಲು ಬೇರೆ ಮೆಸೇಜಲ್ಲಿ ಪ್ರಶ್ನೆಯಾಗಿ ಕೇಳಿ: "ಕೊನೇ ಪೇಮೆಂಟ್ ನೀರು ನಿಲ್ಲಿಸಿ ನೋಡಿದ ಮೇಲೆ ಕೊಡಲಾ ಅಣ್ಣ?" ಒಪ್ಪಿದ ಮೇಲೆ ಸೇರಿಸಿ. ಇಲ್ಲದಿದ್ದರೆ "ನಾನು ಹಾಗೆ ಹೇಳೇ ಇಲ್ಲ" ಅನ್ನೋ ಮಾತು ನ್ಯಾಯವಾಗೇ ಬರುತ್ತೆ, ಉಳಿದ ಸಾಲುಗಳ ಮೇಲೂ ಅನುಮಾನ ಬರುತ್ತೆ.

ಆ ಪರೀಕ್ಷೆಯನ್ನೂ ಬಿಡಿಸಿ ಬರೆಯಿರಿ. ಕೋಟ್ ಡಬ್ಬದ ಮೇಲೆ ಹೇಳಿದಷ್ಟು ದಿನ ಒಣಗಬೇಕು. ಆಮೇಲೆ ನೀರು ಹೋಗೋ ಪೈಪ್ ಬಾಯಿ ಮುಚ್ಚಿ ಎರಡು ಇಂಚು ನೀರು, 48 ಗಂಟೆ. ಬಿಸಿಲಿಗೆ ಮಟ್ಟ ಸ್ವಲ್ಪ ಇಳಿದೇ ಇಳಿಯುತ್ತೆ. ಹಾಗಾಗಿ "ಕೆಳಗಿನ ಸೀಲಿಂಗ್, ಗೋಡೆಯಲ್ಲಿ ಹೊಸ ತೇವ ಕಾಣಬಾರದು" ಅಂತ ಬರೆಯಿರಿ, ಶುರು ಮಾಡೋ ಮೊದಲೇ ಸೀಲಿಂಗ್ ಫೋಟೋ ತೆಗೆದು ಅದೇ ಚಾಟಿಗೆ ಹಾಕಿ. 840 ಚದರ ಅಡಿಗೆ ಎರಡು ಇಂಚು ಅಂದರೆ ಸುಮಾರು ನಾಲ್ಕು ಸಾವಿರ ಲೀಟರ್. ಟ್ಯಾಂಕರ್ ತರಿಸಬೇಕಾದರೆ ದುಡ್ಡು ಯಾರದು ಅಂತಾನೂ ಒಂದು ಸಾಲು ಇರಲಿ.

ಗ್ಯಾರಂಟಿ ವಿಚಾರದಲ್ಲಿ ನಮ್ಮಂಥ ಗಿಡದವರಿಗೆ ಒಂದು ಕಷ್ಟ ಜಾಸ್ತಿ. ಶೇಡ್ ನೆಟ್ ಕಂಬಕ್ಕೆ ನೆಲದಲ್ಲಿ ಡ್ರಿಲ್ ಮಾಡಿದರೆ ಕೋಟ್ ತೂತಾಗುತ್ತೆ. ಅಲ್ಲಿ ಸೋರಿದರೆ ಮೇಸ್ತ್ರಿ ತಪ್ಪಲ್ಲ. "ಗ್ರೋಬ್ಯಾಗ್ ಸ್ಟ್ಯಾಂಡ್ ಮೇಲೆ ಇಡುತ್ತೇವೆ, ಕಂಬ ಪ್ಯಾರಾಪೆಟ್‌ಗೆ ಮಾತ್ರ, ಕೋಟ್ ಮಟ್ಟಕ್ಕಿಂತ ಮೇಲೆ, ಇಷ್ಟಿದ್ದರೆ ಗ್ಯಾರಂಟಿ ಇರುತ್ತೆ" ಅಂತ ಈಗಲೇ ಮಾತಾಡಿ ಬರೆದುಕೊಳ್ಳಿ. ಡಬ್ಬದ ಕಂಪನಿ ವಾರಂಟಿ ಬೇರೆ, ಮೇಸ್ತ್ರಿ ಮಾತು ಬೇರೆ. "5 ವರ್ಷ" ಯಾರದು ಅಂತ ಕೇಳಿ.

ಸ್ಟಾಂಪ್ ಪೇಪರ್ ಇಲ್ಲದಿದ್ದರೆ ಬೆಲೆಯೇ ಇಲ್ಲ ಅಂತ ಕೆಲವರು ಹೇಳೋ ಮಾತು ಅರ್ಧ ಸರಿ. ಮನೆ ಕಟ್ಟಿಸೋ ಅಷ್ಟು ದೊಡ್ಡ ಕೆಲಸಕ್ಕೆ ಸಹಿ ಹಾಕಿದ ಕರಾರು ಪತ್ರವೇ ಮಾಡಿಸಬೇಕು. ಆದರೆ 1872ರ ಕರಾರು ಕಾಯ್ದೆ ಪ್ರಕಾರ ಬಾಯಿಮಾತಿನ ಒಪ್ಪಂದವೂ ನಿಲ್ಲುತ್ತೆ. ಮೆಸೇಜಲ್ಲಿ ಆಯಿತು ಅನ್ನೋ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನಲ್ಲಿದೆ. ಕಷ್ಟ ಇರೋದು ಸಾಬೀತು ಮಾಡೋದರಲ್ಲಿ. ನಮ್ಮ ಬೀದಿಯ ವಕೀಲ ಮೇಡಂ ಹೇಳಿದ್ದು: ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ, ಮೂಲ ಚಾಟ್ ಇರೋ ಫೋನ್ ಇಟ್ಟುಕೊಳ್ಳಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಕೋರ್ಟಿಗೆ ಹಾಕುವಾಗ ಸರ್ಟಿಫಿಕೇಟ್ ಬೇಕಾಗುತ್ತೆ. ಮೆಸೇಜ್ ತಾನಾಗಿ ಅಳಿಯೋ ಸೆಟ್ಟಿಂಗ್ ಆನ್ ಇದ್ದರೆ ಇವತ್ತೇ ಆಫ್ ಮಾಡಿ.

ಹೆಬ್ಬೆರಳು ತೋರಿಸಿದರೆ ಸಾಕಾ ಅಂತ ಇನ್ನೊಬ್ಬರು ಕೇಳಿದ್ದರು. ಕೆನಡಾದಲ್ಲಿ 2023ರಲ್ಲಿ ಅಗಸೆ ಮಾರೋ ಕರಾರಿಗೆ ಒಬ್ಬ ರೈತ 👍 ಕಳಿಸಿದ್ದನ್ನು ಕೋರ್ಟು ಸಹಿ ಅಂತಲೇ ತೆಗೆದುಕೊಂಡಿತು. ನಮ್ಮಲ್ಲೂ ಹಾಗೇ ಅನ್ನುತ್ತಾರೆ ಅಂತ ನಂಬಿ ನಾನಂತೂ ಅಡ್ವಾನ್ಸ್ ಕೊಡಲ್ಲ.

ಸರ್, ಒಂದು ಮಾತು ನನಗೂ ಬಗೆಹರಿದಿಲ್ಲ. ಮುಂದೆ ರಿಪೇರಿ ಬಂದರೆ ತುಂಬಿದ ಬ್ಯಾಗ್‌ಗಳನ್ನು ಪಕ್ಕಕ್ಕಿಡೋ ಕೂಲಿ ಯಾರದು? ನಮ್ಮ ಮೇಸ್ತ್ರಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. "ಈ ವಿಷಯ ತೀರ್ಮಾನ ಆಗಿಲ್ಲ" ಅಂತಲೇ ಮೆಸೇಜಲ್ಲಿ ಬರೆದು ಬಿಟ್ಟಿದ್ದೇವೆ.