ಬೆಳಿಗ್ಗೆ ವಾಕಿಂಗ್ ಮಾಡಿದರೂ ಇಳಿಯದ ಶುಗರ್: ಆಫೀಸ್ ಊಟದ ನಂತರದ ಎರಡು ಗಂಟೆ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಅವರಿಗೆ 44 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಖಾಲಿ ಹೊಟ್ಟೆಯ ಶುಗರ್ 108, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.2. ಇನ್ನೂ ಡಯಾಬಿಟಿಸ್ ಅಲ್ಲ, ಆದರೆ ಅದರ ಹಿಂದಿನ ಹಂತ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಹಾಗೆ ಕರೆಯುತ್ತಾರೆ. ಮಾತ್ರೆ ಶುರುವಾಗಿರಲಿಲ್ಲ. ಊಟ, ಓಡಾಟ ಸರಿ ಮಾಡಿಕೊಂಡು ಮೂರು ತಿಂಗಳು ಬಿಟ್ಟು ಬನ್ನಿ ಅಂತ ಡಾಕ್ಟರ್ ನನ್ನ ಹತ್ತಿರ ಕಳಿಸಿದ್ದರು.

ಬಂದ ತಕ್ಷಣ ಅವರು ಹೇಳಿದ್ದು, "ಮೇಡಂ, ನಾನು ದಿನಾ ಬೆಳಿಗ್ಗೆ 40 ನಿಮಿಷ ವಾಕಿಂಗ್ ಮಾಡ್ತೀನಿ. ಸಿಹಿ ಮುಟ್ಟಲ್ಲ. ಇನ್ನೇನು ಮಾಡಲಿ?" ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ವಾಕಿಂಗ್ ಬಗ್ಗೆ ನಾನು ಜಾಸ್ತಿ ಕೇಳಲಿಲ್ಲ. ವಾಕಿಂಗ್ ಮುಗಿದ ಮೇಲೆ ಇಡೀ ದಿನ ಏನು ನಡೆಯುತ್ತದೆ ಅಂತ ಕೇಳಿದೆ.

ಒಂದು ಗಂಟೆಗೆ ಊಟ. ತಟ್ಟೆಯಲ್ಲಿ ಎರಡು ದೊಡ್ಡ ಕಪ್ ಅನ್ನ, ನೀರು ನೀರಾದ ಬೇಳೆ, ಬದಿಯಲ್ಲಿ ಎರಡು ಚಮಚ ತರಕಾರಿ. ಜೊತೆಗೆ ಒಂದು ಗ್ಲಾಸ್ ಹಣ್ಣಿನ ರಸ, ಅದೂ ಸಕ್ಕರೆ ಹಾಕಿಲ್ಲ ಅನ್ನುವ ನೆಮ್ಮದಿಯಿಂದ. ಒಂದೂಕಾಲಿಗೆ ಮತ್ತೆ ಕುರ್ಚಿ. ನಾಲ್ಕೂವರೆವರೆಗೆ ಏಳುವುದೇ ಇಲ್ಲ. ನೀರಿನ ಬಾಟಲಿ ಮೇಜಿನ ಮೇಲೆ, ಪ್ರಿಂಟರ್ ಕೈಗೆಟಕುವ ದೂರದಲ್ಲಿ, ಪಕ್ಕದ ವಿಭಾಗದವರ ಜೊತೆ ಮಾತೂ ಫೋನಿನಲ್ಲೇ.

ಇಲ್ಲಿ ಬಾಯಿಮಾತಿನ ಉಪದೇಶಕ್ಕಿಂತ ಗ್ಲೂಕೋಮೀಟರ್ ಉಪಯೋಗಕ್ಕೆ ಬರುತ್ತದೆ. ಏನನ್ನೂ ಬದಲಿಸಬೇಡಿ, ಮಾಮೂಲಿ ಊಟ ಮಾಡಿ ಅಂದೆ. ಊಟಕ್ಕೆ ಮೊದಲು ಒಂದು ಸಲ, ಮೊದಲ ತುತ್ತಿನಿಂದ ಲೆಕ್ಕ ಹಾಕಿ ಒಂದು ಗಂಟೆಗೆ ಒಂದು ಸಲ, ಎರಡು ಗಂಟೆಗೆ ಒಂದು ಸಲ ನೋಡಿ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚಿಕೊಳ್ಳಿ, ಬೆರಳಿಗೆ ಹಣ್ಣಿನ ರಸ ಅಂಟಿದ್ದರೂ ಮೀಟರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಬಂದದ್ದು 110, 204, 176. ಬೆಳಗಿನ ವಾಕಿಂಗ್ ಮಾಡಿದ ದಿನವೇ ಇದು.

ಯಾಕೆ ಹೀಗೆ? ಊಟದ ಸಕ್ಕರೆ ರಕ್ತಕ್ಕೆ ಬಂದಾಗ ಅದನ್ನು ಹೆಚ್ಚಾಗಿ ಎಳೆದುಕೊಳ್ಳಬೇಕಾದದ್ದು ಸ್ನಾಯುಗಳು, ಅದರಲ್ಲೂ ಕಾಲು ಮತ್ತು ತೊಡೆಯ ದೊಡ್ಡ ಸ್ನಾಯುಗಳು. ಸುಮ್ಮನೆ ಕೂತಿದ್ದರೆ ಅವು ಇನ್ಸುಲಿನ್ ಬಂದು ಬಾಗಿಲು ತಟ್ಟುವವರೆಗೆ ಕಾಯುತ್ತವೆ. ಇವರಂಥವರಲ್ಲಿ ಆ ತಟ್ಟುವುದೇ ಸರಿಯಾಗಿ ಕೇಳಿಸುವುದಿಲ್ಲ. ನಡೆಯುವಾಗ ಮಾತ್ರ ಸ್ನಾಯು ಇನ್ಸುಲಿನ್‌ಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಬೆಳಗಿನ ವಾಕಿಂಗ್‌ನಿಂದ ಲಾಭ ಇದ್ದೇ ಇದೆ, ಅದನ್ನು ಬಿಡಬೇಡಿ. ಆದರೆ ಮಧ್ಯಾಹ್ನ ಶುಗರ್ ಏರುವ ಹೊತ್ತಿಗೇ ಮೂರು ಗಂಟೆ ಅಲುಗಾಡದೆ ಕೂತರೆ, ಅದನ್ನು ಬೆಳಗಿನ ನಡಿಗೆ ಪೂರ್ತಿ ಸರಿದೂಗಿಸಲಾರದು.

ಹಾಗಾಗಿ ನಾನು ಹಿಡಿದದ್ದು ಊಟದ ನಂತರದ ಎರಡು ಗಂಟೆಯನ್ನು. ಊಟ ಮುಗಿದ ಮೇಲೆ ಹತ್ತು ನಿಮಿಷ ನಡಿಗೆ, ಆಮೇಲೆ ಪ್ರತಿ ಅರ್ಧ ಗಂಟೆಗೆ ಮೂರರಿಂದ ಐದು ನಿಮಿಷ. ಬೆವರು ಬರಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಪ್ಪಗಿದ್ದವರನ್ನು ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದ್ದರು. ನಿಧಾನವಾಗಿ ನಡೆದಾಗಲೂ, ಸ್ವಲ್ಪ ಬಿರುಸಾಗಿ ನಡೆದಾಗಲೂ ಊಟದ ನಂತರದ ಶುಗರ್ ಏರಿಕೆ ಹತ್ತಿರಹತ್ತಿರ ಒಂದೇ ಪ್ರಮಾಣದಲ್ಲಿ, ಸುಮಾರು ಕಾಲು ಭಾಗ ತಗ್ಗಿತ್ತು.

ಮೊದಲ ವಾರ ಇದು ನಡೆಯಲೇ ಇಲ್ಲ. ಫೋನಿನಲ್ಲಿ ಅಲಾರಂ ಇಟ್ಟಿದ್ದರು. ಅದು ಹೊಡೆದಾಗ ಮೀಟಿಂಗ್ ಇರುತ್ತಿತ್ತು, ಇಲ್ಲವೇ ಒಂದು ಲೆಕ್ಕ ಅರ್ಧಕ್ಕೆ ನಿಂತಿರುತ್ತಿತ್ತು, ಆಫ್ ಮಾಡಿ ಮತ್ತೆ ಕೂರುತ್ತಿದ್ದರು. ನನ್ನ ಪ್ರಕಾರ ಅಲಾರಂ ನಂಬಿದವರೆಲ್ಲ ಇಲ್ಲೇ ಎಡವುತ್ತಾರೆ. ಅದರ ಬದಲು ಏಳುವುದನ್ನು ಕೆಲಸಕ್ಕೇ ಕಟ್ಟಿಹಾಕಿದೆವು. ಬಾಟಲಿ ತೆಗೆದು ಚಿಕ್ಕ ಲೋಟ ಇಟ್ಟರು, ಅದು ಖಾಲಿಯಾದಾಗಲೆಲ್ಲ ಎದ್ದೇ ತುಂಬಿಸಬೇಕು. ಬರೀ ಕೇಳಿಸಿಕೊಳ್ಳುವ ಕರೆಗಳನ್ನೆಲ್ಲ ಕಾರಿಡಾರಿನಲ್ಲಿ ನಡೆಯುತ್ತಲೇ ಮುಗಿಸಿದರು. ಪ್ರಿಂಟ್ ಕೊಡುವುದನ್ನು ದೂರದ ಮೆಷಿನ್‌ಗೆ ಬದಲಿಸಿಕೊಂಡರು. ಏಳಲು ಆಗದ ಮೀಟಿಂಗ್‌ಗಳಲ್ಲಿ ಕುರ್ಚಿಯಲ್ಲೇ ಕೂತು ಹಿಮ್ಮಡಿ ಎತ್ತಿ ಇಳಿಸುವುದು, ಅದೂ ಒಂದೆರಡು ನಿಮಿಷ ಬಿಡದೆ. ನಡಿಗೆಯಷ್ಟು ಅಲ್ಲ, ಆದರೆ ಏನೂ ಮಾಡದೆ ಇರುವುದಕ್ಕಿಂತ ವಾಸಿ. ನಿಂತು ಕೆಲಸ ಮಾಡುವ ಮೇಜು ತರಿಸಲಾ ಅಂತ ಕೇಳಿದರು, ಬೇಡ ಅಂದೆ. ಬರೀ ನಿಲ್ಲುವುದರಿಂದ ಶುಗರ್ ಇಳಿಯುವುದು ಕಡಿಮೆ, ಕಾಲು ಆಡಬೇಕು.

ಊಟ ಹಾಗೇ ಇಟ್ಟು, ನಡಿಗೆಯೊಂದನ್ನೇ ಸೇರಿಸಿದ ಒಂದು ದಿನದ ಲೆಕ್ಕ: ಊಟಕ್ಕೆ ಮೊದಲು 108, ಒಂದು ಗಂಟೆಗೆ 172, ಎರಡು ಗಂಟೆಗೆ 151. ಮೀಟರ್‌ನಲ್ಲಿ ಹತ್ತು ಹದಿನೈದು ಅಂಕ ಆಚೀಚೆ ಆಗುವುದು ಸಹಜ, ಒಂದೇ ದಿನದ ಅಂಕೆಗೆ ಹಿಗ್ಗಬಾರದು. ಇನ್ನೂ ಕೆಲವು ದಿನ ನೋಡಿದರೂ ಇಳಿಕೆ ಹೀಗೇ ಇತ್ತು.

ಆಮೇಲೆ ತಟ್ಟೆಗೆ ಬಂದೆವು. ಮೊದಲು ತೆಗೆದದ್ದು ಹಣ್ಣಿನ ರಸ. ಒಂದು ಗ್ಲಾಸಿನಲ್ಲಿ 20 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ, ನಾರಿಲ್ಲ, ಕುಡಿದ ಕೂಡಲೇ ರಕ್ತಕ್ಕೆ. ಹಣ್ಣು ಬೇಕಿದ್ದರೆ ಇಡೀ ಹಣ್ಣು ತಿನ್ನಿ ಅಂದೆ. ಅನ್ನ ಒಂದು ಕಪ್‌ಗೆ ಇಳಿಯಿತು. ಒಂದು ಕಪ್ ಅನ್ನ ಅಂದರೆ 45 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್, ಹಾಗಾಗಿ ಎರಡು ಕಪ್ಪೂ ರಸವೂ ಸೇರಿದಾಗ ಎಷ್ಟಾಗುತ್ತಿತ್ತು ನೋಡಿ.

ಇಲ್ಲಿ ಅವರು ಅತಿ ಮಾಡಿಬಿಟ್ಟರು. ಅನ್ನ ಪೂರ್ತಿ ಬಿಟ್ಟು ಬರೀ ಹಸಿ ತರಕಾರಿ ತಿಂದರು. ನಾಲ್ಕು ಗಂಟೆಗೆ ತಡೆಯಲಾರದ ಹಸಿವು, ಅರ್ಧ ಪ್ಯಾಕೆಟ್ ಬಿಸ್ಕತ್ತು, ಸಂಜೆ ಶುಗರ್ 190. ಅನ್ನ ಕಡಿಮೆ ಮಾಡಿದ ಜಾಗಕ್ಕೆ ಪ್ರೋಟೀನ್ ಬರಲೇಬೇಕು, ಇಲ್ಲದಿದ್ದರೆ ಈ ಬಿಸ್ಕತ್ತು ಬಂದೇ ಬರುತ್ತದೆ. ಗಟ್ಟಿ ಬೇಳೆ ಅಥವಾ ಕಾಳು ಒಂದು ಕಪ್, ಇಲ್ಲವೇ ಎರಡು ಮೊಟ್ಟೆ, ಮೀನು, ಮೊಸರು ಯಾವುದಾದರೂ ಸರಿ. ಬೇಯಿಸಿದ ತರಕಾರಿ ತಟ್ಟೆಯ ಅರ್ಧದಷ್ಟು. ತಿನ್ನುವ ಕ್ರಮವನ್ನೂ ಬದಲಿಸಿದೆವು: ಮೊದಲು ತರಕಾರಿ ಮತ್ತು ಕಾಳು, ಕೊನೆಗೆ ಅನ್ನ. ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ಶುಗರ್ ಒಮ್ಮೆಲೇ ಏರುವುದಿಲ್ಲ. ಕ್ಯಾಂಟೀನಿನಲ್ಲಿ ತಿನ್ನುವ ದಿನ ಅನ್ನವನ್ನು ತಟ್ಟೆಗೆ ಹಾಕಿಸಿಕೊಳ್ಳದೆ ಬೇರೆ ಚಿಕ್ಕ ಬಟ್ಟಲಲ್ಲಿ ಕೇಳಿ ಪಡೆದರು, ಅಳತೆ ತಾನಾಗೇ ನಿಂತಿತು.

ಎರಡೂ ಸೇರಿದ ಮೇಲೆ ಮಾಮೂಲಿ ದಿನದ ಅಂಕೆ: 104, 146, 128. ಮೂರು ತಿಂಗಳಿಗೆ ಎಚ್‌ಬಿಎ1ಸಿ 5.9. ಖಾಲಿ ಹೊಟ್ಟೆಯದು ಮಾತ್ರ 105ರಲ್ಲೇ ನಿಂತಿದೆ. ಅವರಿಗೆ ಬೇಜಾರಾಯಿತು. ಆದರೆ ಬೆಳಗಿನ ಅಂಕೆ ಹೆಚ್ಚಾಗಿ ರಾತ್ರಿ ಲಿವರ್ ಬಿಡುವ ಸಕ್ಕರೆಯ ಲೆಕ್ಕ. ಮಧ್ಯಾಹ್ನದ ಊಟ ಸರಿ ಮಾಡಿದ ಮಾತ್ರಕ್ಕೆ ಅದು ಬೇಗ ಬಗ್ಗುವುದಿಲ್ಲ. ಅದಕ್ಕೆ ರಾತ್ರಿ ಊಟದ ಹೊತ್ತು, ನಿದ್ದೆ, ಸೊಂಟದ ಸುತ್ತಳತೆ ನೋಡಬೇಕು. ಈಗ ಅದನ್ನು ಹಿಡಿದಿದ್ದೇವೆ.

ಇದನ್ನು ಓದಿ ನಾಳೆಯೇ ಶುರು ಮಾಡುವವರಿಗೆ ಒಂದು ಮಾತು. ನೀವು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ತಿದ್ದರೆ ಅನ್ನ ಅರ್ಧ ಮಾಡಿ ನಡಿಗೆ ಜಾಸ್ತಿ ಮಾಡುವ ಮುಂಚೆ ಡಾಕ್ಟರ್‌ಗೆ ಹೇಳಿ, ಡೋಸ್ ತಗ್ಗಿಸಬೇಕಾಗಬಹುದು. ಕೈ ನಡುಕ, ಬೆವರು, ತಲೆ ಹಗುರಾದ ಹಾಗೆ ಅನ್ನಿಸಿದರೆ ನಡೆಯುವುದು ನಿಲ್ಲಿಸಿ ಮೀಟರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ.