ಐಫೋನ್‌ನಲ್ಲಿ ಮಾತ್ರ ಬಾರ್‌ಕೋಡ್ ಸಿಗದಿದ್ದರೆ

"ಒಂದೇ ಡಬ್ಬ. ಆಂಡ್ರಾಯ್ಡ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸಿಗುತ್ತೆ, ಐಫೋನ್‌ನಲ್ಲಿ ಹೊಸ ವಸ್ತು ಅಂತ ಸೇರ್ಕೊಳ್ಳುತ್ತೆ. ಸ್ಟಾಕ್ ಎರಡು ಕಡೆ ಹಂಚಿಹೋಗಿದೆ, ಯಾಕೆ?"

ಆ ಡಬ್ಬದ ಮೇಲಿರುವುದು 12 ಅಂಕಿಯ ಯುಪಿಸಿ-ಎ ಕೋಡ್ ಅಲ್ವಾ? ಐಫೋನ್‌ನ ಸ್ವಂತ ಸ್ಕ್ಯಾನರ್‌ಗೆ ಯುಪಿಸಿ-ಎ ಅಂತ ಬೇರೆ ಬಗೆಯೇ ಇಲ್ಲ, ಅದನ್ನು ಮುಂದೆ ಒಂದು ಸೊನ್ನೆ ಸೇರಿಸಿ 13 ಅಂಕಿಯ ಇಎಎನ್ ಆಗಿ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ 036000291452 ಬಂದರೆ ಇಲ್ಲಿ 0036000291452. ಕೊನೆಯ ತಾಳೆ ಅಂಕಿ ಎರಡರಲ್ಲೂ 2 ಆಗಿರುವುದರಿಂದ ಎರಡೂ ಸರಿಯಾದ ಕೋಡೇ, ಆದರೆ ಡೇಟಾಬೇಸ್‌ಗೆ ಅವು ಬೇರೆ ಬೇರೆ ಅಕ್ಷರಸಾಲು.

ಉಳಿಸುವಾಗಲೂ ಹುಡುಕುವಾಗಲೂ 14 ಅಂಕಿಗೆ ತುಂಬಿಸಿ:

```
const key = code.trim().padStart(14, "0");
```

ಕಾಲಂ ಪಠ್ಯವಾಗಿರಲಿ, ಸಂಖ್ಯೆ ಬೇಡ. ಎಕ್ಸೆಲ್‌ನಿಂದ ಪಟ್ಟಿ ತಂದಿದ್ದರೆ ಅಲ್ಲಿ ಮೊದಲ ಸೊನ್ನೆ ಆಗಲೇ ಹಾರಿಹೋಗಿರುತ್ತದೆ, 11 ಅಂಕಿಯ ಕೋಡ್ ಕಂಡರೆ ಅನುಮಾನಪಡಿ. ಈ ಸಾಲು ಅದನ್ನೂ ಸರಿಮಾಡುತ್ತದೆ. ಆದರೆ ಚಿಕ್ಕ ಪೊಟ್ಟಣಗಳ ಯುಪಿಸಿ-ಇ ಕೋಡನ್ನು ಸುಮ್ನೆ ತುಂಬಿಸಬೇಡಿ, ಮೊದಲು 12 ಅಂಕಿಗೆ ಬಿಡಿಸಬೇಕು. ನೀವೇ ಮುದ್ರಿಸಿದ ಕೋಡ್ 128 ಚೀಟಿಗಳನ್ನಂತೂ ಮುಟ್ಟಲೇಬೇಡಿ.

ಹಳೆಯ ಜೋಡಿಗಳನ್ನು ಸೇರಿಸುವಾಗ ಒಂದರ ಲೆಕ್ಕವನ್ನು ಇನ್ನೊಂದರ ಮೇಲೆ ಬರೆಯಬೇಡಿ. ಒಂದರಲ್ಲಿ 40, ಇನ್ನೊಂದರಲ್ಲಿ -6 ಇದ್ದರೆ ಸಾಮಾನ್ಯವಾಗಿ ನಿಜವಾದ ಸ್ಟಾಕ್ 34. ಐಫೋನ್‌ನಲ್ಲಿ ಆದ ಮಾರಾಟವನ್ನು ಆ ಎರಡನೇ ಸಾಲಿನಿಂದ ಕಳೆಯಲಾಗಿದೆ, ಅಷ್ಟೇ. ನಾನು ಒಮ್ಮೆ ಆ ಮೈನಸ್ ಸಾಲುಗಳನ್ನು ಕಸ ಅಂದುಕೊಂಡು ಅಳಿಸಿ, ಆಮೇಲೆ ಕಪಾಟೆಲ್ಲಾ ಕೈಯಲ್ಲೇ ಎಣಿಸಿದ್ದೇನೆ. ಸೇರಿಸಿದ ಮೇಲೆ ಕೋಡ್ ಇರುವ ಕಾಲಂಗೆ `UNIQUE` ಹಾಕಿ.