ಬಲಗಡೆ ಕೆಳಹೊಟ್ಟೆ ನೋವು: ಅಪೆಂಡಿಕ್ಸಾ, ಅಂಡಾಶಯವಾ?

ಪ್ರಶ್ನೆ: ನನಗೆ 23 ವರ್ಷ, ಮಂಡ್ಯದವಳು, ಮದುವೆ ಆಗಿಲ್ಲ. ಹೋದ ವಾರ ನೀರಿನ ಕ್ಯಾನ್ ಎತ್ತುವಾಗ ಬಲಗಡೆ ಕೆಳಹೊಟ್ಟೆಯಲ್ಲಿ ಥಟ್ಟನೆ ನೋವು ಬಂತು, ಜೊತೆಗೇ ವಾಂತಿ. ಎರಡು ಗಂಟೆಯಲ್ಲಿ ಹೋಯಿತು. ಮೊನ್ನೆ ಮತ್ತೆ ಹಾಗೇ ಬಂದು ಹೋಯಿತು. ಆಸ್ಪತ್ರೆಯಲ್ಲಿ ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿಸಿದರು, ಅಮ್ಮನಿಗೆ ತುಂಬಾ ಬೇಜಾರಾಯಿತು. ಟೆಸ್ಟ್ ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲ, ಬಲ ಅಂಡಾಶಯದಲ್ಲಿ 6 ಸೆಂ.ಮೀ. ಸಿಸ್ಟ್ ಇದೆ, ರಕ್ತಸಂಚಾರ ಸರಿಯಿದೆ ಎಂದು ಬಂದಿದೆ. ಇದು ಅಪೆಂಡಿಕ್ಸಾ, ಬೇರೆಯಾ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ನನ್ನ ಅನುಮಾನ ಅಂಡಾಶಯದ ಮೇಲೆ. ಅದು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡು, ಮತ್ತೆ ತಾನಾಗಿಯೇ ಬಿಚ್ಚಿಕೊಳ್ಳುತ್ತಿರಬಹುದು.

ರಿಪೋರ್ಟಿಗಿಂತ ನೋವು ಶುರುವಾದ ರೀತಿಯೇ ಇಲ್ಲಿ ಜಾಸ್ತಿ ಹೇಳುತ್ತದೆ. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ. ಮೊದಲು ಹೊಕ್ಕುಳ ಸುತ್ತ ಏನೋ ಹಿಂಸೆ, ಊಟ ಬೇಡ ಅನಿಸುವುದು, ಆಮೇಲೆ ಒಂದೆರಡು ವಾಂತಿ. ಹಲವು ಗಂಟೆ ಕಳೆದ ಮೇಲೆ, ಕೆಲವರಿಗೆ ಮಾರನೇ ದಿನ, ನೋವು ಬಲಗಡೆ ಕೆಳಗೆ ಇಳಿದು ಒಂದೇ ಜಾಗದಲ್ಲಿ ಕೂರುತ್ತದೆ. ಊದಿದ ಅಪೆಂಡಿಕ್ಸ್ ಹೊಟ್ಟೆಯ ಒಳಪೊರೆಗೆ ತಾಗಿದಾಗಲೇ ನೋವಿನ ಜಾಗ ನಿಖರವಾಗುವುದು. ಆಮೇಲೆ ಕೆಮ್ಮಿದರೂ ನೋವು, ಆಟೋ ಹಂಪ್ ಹತ್ತಿ ಇಳಿದರೂ ನೋವು. ಎರಡು ಗಂಟೆ ಜೋರಾಗಿ ಬಂದು ಪೂರ್ತಿ ಮಾಯವಾಗಿ, ಕೆಲವು ದಿನ ಬಿಟ್ಟು ಮತ್ತೆ ಹಾಗೇ ಬರುವುದು ಅದರ ಮಾಮೂಲಿ ನಡವಳಿಕೆಯಲ್ಲ.

ಅಂಡಾಶಯ ತಿರುಚಿಕೊಂಡಾಗ ನೋವು ಥಟ್ಟನೆ ಬರುತ್ತದೆ. ಎಷ್ಟೋ ಸಲ ಭಾರ ಎತ್ತುವಾಗ, ಆಟವಾಡುವಾಗ. ವಾಂತಿ ನೋವಿನ ಬೆನ್ನಿಗೇ ಬರುತ್ತದೆ. 5 ಸೆಂ.ಮೀ. ದಾಟಿದ ಸಿಸ್ಟ್ ಇದ್ದರೆ ಅಪಾಯ ಹೆಚ್ಚು. ಎಡಗಡೆ ದೊಡ್ಡ ಕರುಳಿನ ಕೊನೆಯ ಭಾಗ ಜಾಗ ಹಿಡಿದಿರುವುದರಿಂದ ಅಲ್ಲಿ ತಿರುಗಾಟ ಕಡಿಮೆ. ಹಾಗಾಗಿ ಇದು ಬಲಗಡೆಯೇ ಜಾಸ್ತಿ, ಅಪೆಂಡಿಕ್ಸ್ ಎಂದು ತಪ್ಪು ತಿಳಿಯುವುದೂ ಅದಕ್ಕೇ.

ರಕ್ತಸಂಚಾರ ಸರಿಯಿದೆ ಎಂಬ ಸಾಲು ನಂಬಿ ಸುಮ್ಮನೆ ಕೂರಬೇಡಿ. ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ಬರುತ್ತದೆ. ತಿರುಚಿದಾಗ ಮೊದಲು ಕಟ್ಟಿಕೊಳ್ಳುವುದು ರಕ್ತ ವಾಪಸ್ ಹೋಗುವ ದಾರಿ. ಒಳಗೆ ಬರುವ ರಕ್ತ ಇನ್ನೂ ಸ್ವಲ್ಪ ಹೊತ್ತು ಹರಿಯುತ್ತಲೇ ಇರಬಹುದು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಕಾಣಲೂಬಹುದು. ನಿಮ್ಮ ಸ್ಕ್ಯಾನಿಂಗ್ ನೋವಿಲ್ಲದ ಹೊತ್ತಿನಲ್ಲಿ ಆಗಿದ್ದರಂತೂ ಅದು ಸರಿಯಾಗಿಯೇ ಕಾಣಬೇಕು ಅಲ್ವಾ? ಅಪೆಂಡಿಕ್ಸ್ ಕಾಣಲಿಲ್ಲ ಎಂದರೆ ಅದು ಚೆನ್ನಾಗಿದೆ ಎಂದೂ ಅಲ್ಲ. ಕರುಳಿನ ಗ್ಯಾಸ್ ಅಡ್ಡ ಬಂದರೆ ಅದು ಸಿಗುವುದೇ ಇಲ್ಲ. ಅನುಮಾನ ಉಳಿದರೆ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸುತ್ತಾರೆ, ಕೆಲವೊಮ್ಮೆ ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ನೋಡುವ ಲ್ಯಾಪರೊಸ್ಕೋಪಿಗೇ ನೇರವಾಗಿ ಹೋಗುತ್ತಾರೆ.

ಪ್ರೆಗ್ನೆನ್ಸಿ ಟೆಸ್ಟ್ ಬಗ್ಗೆ ಅಮ್ಮನಿಗೆ ಹೀಗೆ ಹೇಳಿ: ಮುಟ್ಟಾಗುವ ವಯಸ್ಸಿನ ಯಾರೇ ಈ ನೋವಿನಿಂದ ಬಂದರೂ ಅದನ್ನು ಮಾಡಲೇಬೇಕು. ಗರ್ಭ ಗರ್ಭಕೋಶದ ಬದಲು ನಾಳದಲ್ಲಿ ಬೆಳೆದು ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ಜೀವಕ್ಕೆ ಕುತ್ತು ಬರುತ್ತದೆ. ಮದುವೆ ಆಗಿದೆಯಾ ಎಂದು ಕೇಳಿ ಟೆಸ್ಟ್ ಬಿಟ್ಟ ವೈದ್ಯರನ್ನು ನಾನು ಒಪ್ಪುವುದಿಲ್ಲ. ನಿಮ್ಮ ಟೆಸ್ಟ್ ನೆಗೆಟಿವ್ ಬಂದಿರುವುದರಿಂದ ಆ ಭಯ ಬಹುಮಟ್ಟಿಗೆ ಹೋಯಿತು.

ನೋವಿಲ್ಲದಿದ್ದರೂ ರಿಪೋರ್ಟ್ ಹಿಡಿದುಕೊಂಡು ನಾಳೆಯೇ ಸ್ತ್ರೀರೋಗ ತಜ್ಞರನ್ನು ನೋಡಿ. ಸಿಸ್ಟ್ ಯಾವ ಬಗೆಯದು ಎಂಬುದರ ಮೇಲೆ ಮುಂದಿನದು ನಿಲ್ಲುತ್ತದೆ. ತಿಳಿನೀರಿನ ಸಿಸ್ಟ್ ಎರಡು ಮೂರು ಮುಟ್ಟಿನೊಳಗೆ ಕರಗಬಹುದು. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಕರಗುವುದಿಲ್ಲ, ತೆಗೆಯಬೇಕಾಗುತ್ತದೆ. ನಿಮ್ಮ ಹಾಗೆ ಎರಡು ಸಲ ನೋವು ಬಂದಿದ್ದರೆ ಕಾಯುವ ಮಾತು ಸ್ವಲ್ಪ ಯೋಚಿಸಿ ಆಡಬೇಕು.

ನೋವು ಮತ್ತೆ ಬಂದರೆ ಓಮದ ನೀರು, ಗ್ಯಾಸ್ಟ್ರಿಕ್ ಮಾತ್ರೆ ಎಂದು ಹೊತ್ತು ಕಳೆಯಬೇಡಿ. ಹರಳೆಣ್ಣೆಯಂತೂ ಬೇಡವೇ ಬೇಡ. ಏನೂ ತಿನ್ನದೆ ನೇರ ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಮೈಸೂರಿನಲ್ಲಿದ್ದರೆ ಕೆ.ಆರ್. ಆಸ್ಪತ್ರೆ ಅಥವಾ ಚೆಲುವಾಂಬ. ತಲೆ ಸುತ್ತಿದರೆ, ಭುಜದ ತುದಿ ನೋಯತೊಡಗಿದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಬರೀ ಹೊಟ್ಟೆನೋವು ಅನ್ನಬೇಡಿ. "ಬಲ ಅಂಡಾಶಯದಲ್ಲಿ 6 ಸೆಂ.ಮೀ. ಸಿಸ್ಟ್ ಇದೆ, ಇಷ್ಟು ಗಂಟೆಗೆ ನೋವು ಥಟ್ಟನೆ ಬಂತು, ಇದು ಮೂರನೇ ಸಲ" ಎಂದು ಹೇಳಿ, ಹಿಂದಿನ ಮುಟ್ಟಿನ ತಾರೀಕನ್ನೂ ತಿಳಿಸಿ. ಬೇಗ ಬಿಚ್ಚಿದರೆ ಅಂಡಾಶಯ ಉಳಿಯುತ್ತದೆ. ನೋಡಲು ನೀಲಿ, ಕಪ್ಪಾಗಿದ್ದದ್ದೂ ಬಿಚ್ಚಿದ ಮೇಲೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಹಾಗಾಗಿ ಆಪರೇಷನ್‌ಗೆ ಸಹಿ ಹಾಕುವ ಮುಂಚೆ, ಆದಷ್ಟು ಅಂಡಾಶಯ ಉಳಿಸುತ್ತೀರಾ ಎಂದು ಕೇಳಲು ಸಂಕೋಚ ಬೇಡ.